ಜೈಲಿನ ಬಾಗಿಲು ಕೀಬೋರ್ಡಿಗೆ ತೆರೆದೀತೇ? ‘ಮಿಸ್ಟರ್ ರೋಬಾಟ್’ನ ಒಂದು ಕಂತಿನ ಲೆಕ್ಕಪರಿಶೋಧನೆ

ಅಮೆರಿಕದ ಯುಎಸ್ಎ ನೆಟ್‌ವರ್ಕ್ ವಾಹಿನಿಯಲ್ಲಿ 2015ರ ಜೂನ್‌ನಲ್ಲಿ ಆರಂಭವಾಗಿ 2019ರ ಡಿಸೆಂಬರ್‌ನಲ್ಲಿ ಮುಗಿದ ‘ಮಿಸ್ಟರ್ ರೋಬಾಟ್’ ಸರಣಿಯ ಮೊದಲ ಸೀಸನ್‌ನ ಕಂತುಗಳಿಗೆ ವಿಡಿಯೊ ಕಡತಗಳಂಥ ಹೆಸರುಗಳಿವೆ. ಅದರಲ್ಲಿ ಆರನೆಯದು `eps1.5_br4ve-trave1er.asf`. ಹ್ಯಾಕಿಂಗ್ ದೃಶ್ಯಗಳ ನೈಜತೆಗೆ ಹೆಸರಾದ ಈ ಸರಣಿಯನ್ನು ಒರೆಗೆ ಹಚ್ಚಲು ನನಗೆ ಇದೇ ಕಂತು ಸರಿ ಅನ್ನಿಸುತ್ತದೆ. ಇಡೀ ಕಂತು ಒಂದೇ ದಾಳಿಯ ಸುತ್ತ ಸುತ್ತುತ್ತದೆ. ಅದಕ್ಕಿಂತ ಮುಖ್ಯವಾಗಿ, ಇದರ ನಾಯಕ ಎರಡು ಸಲ ಸೋಲುತ್ತಾನೆ.

ಕತೆ ಇಷ್ಟು. ಎಲಿಯಟ್ ಹಗಲಿನಲ್ಲಿ ಸೈಬರ್ ಭದ್ರತಾ ಕಂಪನಿಯ ಎಂಜಿನಿಯರ್, ರಾತ್ರಿ ಹ್ಯಾಕರ್. ಅವನು ಕೊಟ್ಟ ಸುಳಿವಿನಿಂದಲೇ ಜೈಲು ಸೇರಿದ ವೆರಾ ಎಂಬ ಮಾದಕವಸ್ತು ವ್ಯಾಪಾರಿ, ತನ್ನ ಸಹಚರರಿಂದ ಎಲಿಯಟ್‌ನ ಗೆಳತಿ ಶೇಲಾಳನ್ನು ಒತ್ತೆ ಇರಿಸಿಕೊಂಡಿದ್ದಾನೆ. ಅವಳು ಬದುಕಬೇಕಾದರೆ ಇವತ್ತು ರಾತ್ರಿಯೇ ಜೈಲಿನ ವ್ಯವಸ್ಥೆಗೆ ಕನ್ನ ಹಾಕಿ ತನ್ನನ್ನು ಹೊರಗೆ ಬಿಡಿಸಬೇಕು ಎಂಬುದು ಅವನ ಷರತ್ತು. ಇಂಥದ್ದಕ್ಕೆ ಒಂದು ದಿನ ಎಲ್ಲಿಯೂ ಸಾಲದು ಎಂದು ಎಲಿಯಟ್‌ಗೆ ಗೊತ್ತು. ಕಂತಿನ ಪ್ರಾಮಾಣಿಕತೆ ಇರುವುದು ಆ ಅರಿವಿನಲ್ಲಿ. ಅದರ ಮೋಸ ಇರುವುದು, ಕೊನೆಗೆ ಒಂದು ದಿನವೇ ಸಾಕಾಗಿಬಿಡುವುದರಲ್ಲಿ.

ಮೊದಲ ಪ್ರಯತ್ನ ಪೆನ್‌ಡ್ರೈವ್‌ನದು. ಎಲಿಯಟ್‌ನ ಜೊತೆಗಾರ್ತಿ ಡಾರ್ಲೀನ್ ಹೊರಗಿನ ವಾಹನ ನಿಲುಗಡೆಯ ಜಾಗದಲ್ಲಿ ಕೆಲವು ಪೆನ್‌ಡ್ರೈವ್‌ಗಳನ್ನು ಬೀಳಿಸಿ ಹೋಗುತ್ತಾಳೆ. ಸಿಬ್ಬಂದಿಯೊಬ್ಬ ಒಂದನ್ನು ಎತ್ತಿಕೊಂಡು ಒಳಗಿನ ಕಂಪ್ಯೂಟರ್‌ಗೆ ಚುಚ್ಚುತ್ತಾನೆ. ಪರದೆಯಲ್ಲಿ ಉಚಿತ ಗಿಫ್ಟ್ ಕಾರ್ಡ್‌ನ ಆಮಿಷ ಮೂಡುತ್ತದೆ, ಅವನು ಕ್ಲಿಕ್ ಮಾಡುತ್ತಾನೆ. ದೂರದಲ್ಲಿ ಕುಳಿತ ಎಲಿಯಟ್‌ಗೆ ಆ ಕಂಪ್ಯೂಟರ್‌ನ ಸಂಪರ್ಕ ಸಿಕ್ಕಿತು ಅನ್ನುವಷ್ಟರಲ್ಲಿ ಆ್ಯಂಟಿವೈರಸ್ ಎಚ್ಚರಿಕೆ ಕೊಡುತ್ತದೆ, ಗಾಬರಿಯಾದ ಸಿಬ್ಬಂದಿ ಸಂಪರ್ಕ ಕಿತ್ತುಹಾಕುತ್ತಾನೆ.

‘ಪೊಲೀಸ್ ಆದವನು ಬಿದ್ದ ಪೆನ್‌ಡ್ರೈವ್ ಚುಚ್ಚುತ್ತಾನೆಯೇ?’ ಎಂದು ನಗುವವರಿದ್ದಾರೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಅರ್ಬಾನಾ–ಶಾಂಪೇನ್ ಆವರಣದಲ್ಲಿ ಸಂಶೋಧಕರು 297 ಪೆನ್‌ಡ್ರೈವ್‌ಗಳನ್ನು ಬೇಕೆಂದೇ ಬೀಳಿಸಿ ಪರೀಕ್ಷಿಸಿದ್ದರು. 2016ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಕನಿಷ್ಠ 45 ಶೇಕಡಾ ಡ್ರೈವ್‌ಗಳಲ್ಲಿನ ಕಡತಗಳನ್ನು ಯಾರೋ ತೆರೆದು ನೋಡಿದ್ದರು. ಮೊದಲನೆಯದು ಆರು ನಿಮಿಷದೊಳಗೆ ಕಂಪ್ಯೂಟರ್ ಸೇರಿತ್ತು. ಹಾಗಾಗಿ ಆ ಸಿಬ್ಬಂದಿಯ ಪಾತ್ರದಲ್ಲಿ ಉತ್ಪ್ರೇಕ್ಷೆ ಏನೂ ಇಲ್ಲ.

ಈ ದೃಶ್ಯದಲ್ಲಿ ಕೇಳಿಬರುವ ಪದಗಳನ್ನು ಇಲ್ಲಿಯೇ ಬಿಡಿಸಿಕೊಳ್ಳೋಣ, ಏಕೆಂದರೆ ಮುಂದಕ್ಕೂ ಇವೇ ಬೇಕು. ‘ಎಕ್ಸ್‌ಪ್ಲಾಯ್ಟ್’ ಎಂದರೆ ಒಂದು ತಂತ್ರಾಂಶದಲ್ಲಿರುವ ದೋಷವನ್ನು ಬಳಸಿಕೊಂಡು ಒಳಗೆ ನುಗ್ಗುವ ಕೋಡ್. ನುಗ್ಗಿದ ಮೇಲೆ ಅಲ್ಲಿ ಕೆಲಸ ಮಾಡುವ ಭಾಗಕ್ಕೆ ‘ಪೇಲೋಡ್’ ಎನ್ನುತ್ತಾರೆ. ಪೇಲೋಡ್ ಸಾಮಾನ್ಯವಾಗಿ ದಾಳಿಕೋರನಿಗೆ ಒಂದು ‘ಶೆಲ್’ ಒದಗಿಸುತ್ತದೆ, ಅಂದರೆ ಆ ಕಂಪ್ಯೂಟರ್‌ಗೆ ದೂರದಿಂದ ಆಜ್ಞೆ ಬರೆದು ಕಳುಹಿಸುವ ಸಾಲು. ತಯಾರಕರಿಗೆ ಇನ್ನೂ ಗೊತ್ತಿರದ, ಆದ್ದರಿಂದ ದುರಸ್ತಿಯೂ ಬಂದಿರದ ದೋಷ ‘ಝೀರೋ ಡೇ’. ಡಾರ್ಲೀನ್‌ಗೆ ಸಿಕ್ಕಿದ್ದು ಒಂದು ಗಂಟೆ. ಅಷ್ಟರಲ್ಲಿ ಝೀರೋ ಡೇ ಹುಟ್ಟುವುದಿಲ್ಲ. ಹಾಗಾಗಿ ಅವಳು ಎಲ್ಲರಿಗೂ ಸಿಗುವ ಸಿದ್ಧ ಕೋಡ್ ತಂದು ತುಂಬಿದ್ದಳು, ಸಿಕ್ಕಿಬಿದ್ದದ್ದೂ ಅದರಿಂದಲೇ. ಆ್ಯಂಟಿವೈರಸ್ ತಂತ್ರಾಂಶಗಳು ತಮಗೆ ಗೊತ್ತಿರುವ ದುಷ್ಟ ಕೋಡ್‌ಗಳ ಗುರುತುಗಳ ದೊಡ್ಡ ಪಟ್ಟಿಯನ್ನು ಇಟ್ಟುಕೊಂಡಿರುತ್ತವೆ. ಎಲ್ಲರೂ ಬಳಸುವ ಸಲಕರಣೆಯ ಕೋಡ್ ಆ ಪಟ್ಟಿಗೆ ಮೊದಲು ಸೇರುತ್ತದೆ.

ದೃಶ್ಯದಲ್ಲಿ ಇನ್ನೊಂದು ಸೂಕ್ಷ್ಮವೂ ಸರಿಯಾಗಿದೆ. ಹಿಂದೆ ಪೆನ್‌ಡ್ರೈವ್ ಚುಚ್ಚಿದ ಕೂಡಲೇ ಅದರೊಳಗಿನ ಕಾರ್ಯಕ್ರಮ ತಾನಾಗಿ ಓಡುತ್ತಿತ್ತು. ವಿಂಡೋಸ್ 7ರಲ್ಲಿ ಮೈಕ್ರೋಸಾಫ್ಟ್ ಇದನ್ನು ನಿಲ್ಲಿಸಿತು, 2011ರಲ್ಲಿ ಹಳೆಯ ಆವೃತ್ತಿಗಳಿಗೂ ಆ ಬದಲಾವಣೆಯನ್ನು ಕಳುಹಿಸಿತು. ಅಂದಿನಿಂದ ದಾಳಿಕೋರನಿಗೆ ಒಂದು ಕ್ಲಿಕ್ ಬೇಕೇಬೇಕು, ಗಿಫ್ಟ್ ಕಾರ್ಡ್‌ನ ಆಮಿಷ ಇರುವುದು ಆ ಕ್ಲಿಕ್‌ಗಾಗಿ. ಈ ಕಟ್ಟುಪಾಡು ತಪ್ಪಿಸಲು ಬಳಸುವುದು ಬೇರೆಯದೇ ಸಾಧನ: ನೋಡಲು ಪೆನ್‌ಡ್ರೈವ್, ಆದರೆ ಕಂಪ್ಯೂಟರ್‌ಗೆ ‘ನಾನು ಕೀಬೋರ್ಡ್’ ಎಂದು ಪರಿಚಯಿಸಿಕೊಂಡು ಮೊದಲೇ ಬರೆದಿಟ್ಟ ಅಕ್ಷರಗಳನ್ನು ತಾನೇ ಒತ್ತುತ್ತಾ ಹೋಗುವ ‘ರಬ್ಬರ್ ಡಕ್ಕಿ’. ಎರಡನೇ ಸೀಸನ್‌ನಲ್ಲಿ ಎಲಿಯಟ್‌ನ ಬಾಲ್ಯಸ್ನೇಹಿತೆ ಆಂಜೆಲಾ ಬಳಸುವುದು ಅದನ್ನೇ. ಕಂಪ್ಯೂಟರ್ ಕಡತಗಳನ್ನು ಅನುಮಾನಿಸುತ್ತದೆ, ಆದರೆ ಕೀಬೋರ್ಡನ್ನು ಅನುಮಾನಿಸುವುದಿಲ್ಲ. ಮನುಷ್ಯನ ಬೆರಳೇ ಅಲ್ಲಿದೆ ಎಂದು ನಂಬುತ್ತದೆ. ಈ ನಂಬಿಕೆ ಮುಂದೆ ಮತ್ತೊಮ್ಮೆ ಉಪಯೋಗಕ್ಕೆ ಬರುತ್ತದೆ.

ಎರಡನೆಯ ಪ್ರಯತ್ನ ವೈಫೈ. ಎಲಿಯಟ್ ವೆರಾನನ್ನು ನೋಡುವ ನೆಪದಲ್ಲಿ ಜೈಲಿಗೆ ಹೋಗುತ್ತಾನೆ, ಅವನ ಮೊಬೈಲ್ ಸುತ್ತಲಿನ ವೈಫೈ ಜಾಲಗಳನ್ನು ಪಟ್ಟಿ ಮಾಡುತ್ತಿರುತ್ತದೆ. ಜೈಲಿನ ಜಾಲ ಡಬ್ಲ್ಯುಪಿಎ2 ರಕ್ಷಣೆಯಲ್ಲಿದೆ ಎಂದು ಕಂಡ ಕೂಡಲೇ ಅವನು ಆ ದಾರಿಯನ್ನು ಕೈಬಿಡುತ್ತಾನೆ. ಬೇರೆ ಯಾವ ಥ್ರಿಲ್ಲರ್ ಆಗಿದ್ದರೂ ಇಲ್ಲಿ ಹಸಿರು ಅಕ್ಷರಗಳು ಮಳೆಗರೆದು ಪಾಸ್‌ವರ್ಡ್ ಒಂದೊಂದೇ ಅಕ್ಷರವಾಗಿ ಬಿಚ್ಚಿಕೊಳ್ಳುತ್ತಿತ್ತು. ಪಾಸ್‌ವರ್ಡ್ ಹಾಗೆ ಅಕ್ಷರ ಅಕ್ಷರವಾಗಿ ಎಂದೂ ಸಿಗುವುದಿಲ್ಲ ಎಂಬುದನ್ನು ನೆನಪಿಟ್ಟುಕೊಂಡರೆ ಅರ್ಧದಷ್ಟು ಸಿನಿಮಾ ಹ್ಯಾಕಿಂಗ್ ಅಲ್ಲಿಗೇ ಬಿದ್ದುಹೋಗುತ್ತದೆ. ಪೂರ್ತಿ ಸರಿಯಾದ ಊಹೆ ಮಾತ್ರ ತಾಳೆಯಾಗುತ್ತದೆ. ಒಂದಕ್ಷರ ತಪ್ಪಿದರೂ, ಎಲ್ಲ ತಪ್ಪಿದರೂ ಉತ್ತರ ಒಂದೇ.

ನಿಜದಲ್ಲಿ ನಡೆಯುವುದು ಹೀಗೆ. ಯಾವುದಾದರೂ ಸಾಧನ ವೈಫೈಗೆ ಸೇರುವಾಗ ಅದಕ್ಕೂ ರೂಟರ್‌ಗೂ ನಡುವೆ ನಾಲ್ಕು ಸಂದೇಶಗಳ ವಿನಿಮಯ ನಡೆಯುತ್ತದೆ. ಅದಕ್ಕೆ ‘ಹ್ಯಾಂಡ್‌ಶೇಕ್’ ಎಂದು ಹೆಸರು. ಅದರಲ್ಲಿ ಪಾಸ್‌ವರ್ಡ್ ಇರುವುದಿಲ್ಲ, ಆದರೆ ಪಾಸ್‌ವರ್ಡ್ ಗೊತ್ತಿರುವವರು ಮಾತ್ರ ಲೆಕ್ಕ ಹಾಕಬಲ್ಲ ಒಂದು ಮೊತ್ತ ಇರುತ್ತದೆ. ದಾಳಿಕೋರ ಅದನ್ನು ಹಿಡಿದುಕೊಂಡು ಮನೆಗೆ ಹೋಗಿ, ಒಂದೊಂದೇ ಊಹೆಗೆ ಅದೇ ಲೆಕ್ಕ ಹಾಕಿ ತಾಳೆ ನೋಡುತ್ತಾನೆ. ಡಬ್ಲ್ಯುಪಿಎ2 ಬೇಕೆಂದೇ ಈ ಲೆಕ್ಕವನ್ನು ಭಾರವಾಗಿಸಿದೆ, ಪ್ರತಿ ಊಹೆಗೂ ಒಂದು ಗಣಿತಕ್ರಿಯೆ 4096 ಸಲ ಪುನರಾವರ್ತನೆಯಾಗಬೇಕು.

ಆದರೂ ಇಂದಿನ ಒಂದು ದುಬಾರಿ ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ ಹತ್ತು ಲಕ್ಷಕ್ಕೂ ಹೆಚ್ಚು ಊಹೆಗಳನ್ನು ಪರೀಕ್ಷಿಸಬಲ್ಲದು. ಹತ್ತು ಲಕ್ಷವೆಂದೇ ಹಿಡಿದು ನಮ್ಮ ಮನೆಗಳಿಗೆ ಅನ್ವಯಿಸಿ ನೋಡೋಣ. ನಮ್ಮಲ್ಲಿ ಎಷ್ಟೋ ಮನೆ, ಅಂಗಡಿಗಳ ವೈಫೈ ಪಾಸ್‌ವರ್ಡ್ ಯಜಮಾನರ ಮೊಬೈಲ್ ಸಂಖ್ಯೆಯೇ ಆಗಿರುತ್ತದೆ. ಭಾರತದ ಮೊಬೈಲ್ ಸಂಖ್ಯೆಗಳು 6ರಿಂದ 9ರವರೆಗಿನ ಅಂಕಿಯಿಂದ ಆರಂಭವಾಗುತ್ತವೆ, ಉಳಿದದ್ದು ಒಂಬತ್ತು ಅಂಕಿ. ಒಟ್ಟು ಸಾಧ್ಯತೆ 400 ಕೋಟಿ. ಎಲ್ಲವನ್ನೂ ಪರೀಕ್ಷಿಸಲು ನಾಲ್ಕು ಸಾವಿರ ಸೆಕೆಂಡು, ಅಂದರೆ ಒಂದು ಗಂಟೆಗಿಂತ ಸ್ವಲ್ಪ ಹೆಚ್ಚು. ಅದೇ ಪಾಸ್‌ವರ್ಡ್ ಸಣ್ಣ ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳನ್ನು ಮನಬಂದಂತೆ ಕಲಸಿದ ಹನ್ನೆರಡು ಅಕ್ಷರಗಳದ್ದಾಗಿದ್ದರೆ ಅದೇ ಕಾರ್ಡ್‌ಗೆ ಸುಮಾರು ಒಂದೂವರೆ ಲಕ್ಷ ವರ್ಷ ಬೇಕು. ಎಲಿಯಟ್ ಯಾವ ಲೆಕ್ಕವನ್ನೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಜೈಲಿನ ಪಾಸ್‌ವರ್ಡ್ ಮೊಬೈಲ್ ಸಂಖ್ಯೆಯಾಗಿರಲಿಕ್ಕಿಲ್ಲ ಎಂಬ ಅವನ ಊಹೆ ನ್ಯಾಯವಾದದ್ದೇ.

ಇಲ್ಲಿಯವರೆಗೆ ನಾನು ಪೂರ್ಣ ಅಂಕ ಕೊಡುತ್ತೇನೆ. ತೊಂದರೆ ಶುರುವಾಗುವುದು ಪೊಲೀಸ್ ಕಾರು ಬಂದ ಮೇಲೆ.

ಜೈಲಿಗೆ ಬರುವ ಗಸ್ತು ಕಾರಿನಲ್ಲಿ ಲ್ಯಾಪ್‌ಟಾಪ್ ಇರುತ್ತದೆ, ಆ ಲ್ಯಾಪ್‌ಟಾಪ್‌ಗೆ ಮೊಬೈಲ್ ಜಾಲದ ಮೂಲಕ ಒಳಗಿನ ವ್ಯವಸ್ಥೆಯ ಸಂಪರ್ಕ ಇರುತ್ತದೆ. ಡಾರ್ಲೀನ್ ಪೊಲೀಸನನ್ನು ಮಾತಿಗೆಳೆಯುತ್ತಾಳೆ. ಎಲಿಯಟ್ ಹತ್ತಿರದಲ್ಲಿ ಕುಳಿತು ಬ್ಲೂಟೂತ್ ಸಾಧನಗಳನ್ನು ಹುಡುಕುತ್ತಾನೆ, ಲ್ಯಾಪ್‌ಟಾಪ್‌ಗೆ ತಾನೇ ಅದರ ಕೀಬೋರ್ಡ್ ಎಂದು ನಂಬಿಸುತ್ತಾನೆ, ಅದರ ಮೂಲಕ ಆಜ್ಞೆಗಳನ್ನು ಟೈಪ್ ಮಾಡುತ್ತಾನೆ. ಇದಕ್ಕೆ ‘ಸ್ಪೂಫಿಂಗ್’ ಎನ್ನುತ್ತಾರೆ, ಸೋಗು ಹಾಕುವುದು. ಹುಡುಕಾಟದ ಹಂತದಲ್ಲಿ ಲಿನಕ್ಸ್ ಬಳಕೆದಾರರು ಬಹುಕಾಲದಿಂದ ಬಳಸಿದ ಆಜ್ಞೆ ಇಷ್ಟು ಸಣ್ಣದು:

```
hcitool scan
```

ಇದನ್ನು ಒತ್ತಿದರೆ ಹತ್ತಿರದ ಸಾಧನಗಳ ವಿಳಾಸ, ಹೆಸರುಗಳು ಬರುತ್ತವೆ. ಆದರೆ ಎಲ್ಲ ಸಾಧನಗಳದ್ದಲ್ಲ. ‘ನನ್ನನ್ನು ಹುಡುಕಬಹುದು’ ಎಂಬ ಸ್ಥಿತಿಯಲ್ಲಿರುವ ಸಾಧನಗಳಷ್ಟೇ ಉತ್ತರಿಸುತ್ತವೆ. ಈಗಾಗಲೇ ಲ್ಯಾಪ್‌ಟಾಪ್‌ಗೆ ಜೋಡಿಯಾಗಿ ಕೆಲಸ ಮಾಡುತ್ತಿರುವ ಕೀಬೋರ್ಡ್ ಸಾಮಾನ್ಯವಾಗಿ ಆ ಸ್ಥಿತಿಯಲ್ಲಿ ಇರುವುದಿಲ್ಲ. ಕತೆ ಇಲ್ಲಿ ಮೊದಲ ರಿಯಾಯಿತಿ ತೆಗೆದುಕೊಳ್ಳುತ್ತದೆ.

ಎರಡನೆಯ ರಿಯಾಯಿತಿ ದೊಡ್ಡದು. ಪರಿಚಯದವರ ಹೆಸರು ಹೇಳಿಕೊಂಡು ಬಾಗಿಲು ತಟ್ಟಿದವನಿಗೆ ಮನೆಯವರು ಸುಮ್ಮನೆ ಚಿಲಕ ತೆಗೆಯುವುದಿಲ್ಲ, ದನಿ ಕೇಳುತ್ತಾರೆ. ಬ್ಲೂಟೂತ್‌ನಲ್ಲಿ ಆ ದನಿಯ ಕೆಲಸ ಮಾಡುವುದು ‘ಲಿಂಕ್ ಕೀ’. ಕೀಬೋರ್ಡನ್ನು ಮೊದಲ ಸಲ ಜೋಡಿಸಿದಾಗ ಎರಡೂ ಕಡೆ 128 ಬಿಟ್‌ಗಳ ಒಂದು ರಹಸ್ಯ ಕೀಲಿ ಉಳಿಯುತ್ತದೆ. ಮುಂದಿನ ಸಲ ಸೇರುವಾಗ ಅದು ಗೊತ್ತಿದೆಯೇ ಎಂದು ಪರೀಕ್ಷೆಯಾಗುತ್ತದೆ. ಕೀಬೋರ್ಡ್‌ನ ವಿಳಾಸವನ್ನು ನಕಲು ಮಾಡುವುದು ಸುಲಭ. ಲಿಂಕ್ ಕೀ ಇಲ್ಲದ ನಕಲಿ ಕೀಬೋರ್ಡ್ ಮಾತ್ರ ಪರೀಕ್ಷೆಯಲ್ಲಿ ಬೀಳಬೇಕು. ಎಲಿಯಟ್‌ಗೆ ಆ ಕೀಲಿ ಎಲ್ಲಿಂದ ಬಂತು ಎಂದು ಕಂತು ಹೇಳುವುದಿಲ್ಲ.

ಬಹಳ ವರ್ಷ ಈ ದೃಶ್ಯವನ್ನು ‘ತೋರಿಸಿದಷ್ಟು ಸುಲಭವಲ್ಲ’ ಎಂದು ಪಕ್ಕಕ್ಕಿಡಬಹುದಾಗಿತ್ತು. 2023ರ ಡಿಸೆಂಬರ್‌ನಲ್ಲಿ ಮಾರ್ಕ್ ನ್ಯೂಲಿನ್ ಎಂಬ ಭದ್ರತಾ ಸಂಶೋಧಕ ಆ ನೆಮ್ಮದಿಯನ್ನು ಕಸಿದುಕೊಂಡರು. ಆಂಡ್ರಾಯ್ಡ್, ಲಿನಕ್ಸ್, ಮ್ಯಾಕ್ ಹಾಗೂ ಐಫೋನ್‌ಗಳಲ್ಲಿ ನಕಲಿ ಬ್ಲೂಟೂತ್ ಕೀಬೋರ್ಡೊಂದು ಬಳಕೆದಾರನ ಒಪ್ಪಿಗೆಯೇ ಇಲ್ಲದೆ ಹೊಸದಾಗಿ ಜೋಡಿಯಾಗಿ ಅಕ್ಷರಗಳನ್ನು ಒತ್ತಬಲ್ಲದು ಎಂದು ಅವರು ತೋರಿಸಿದರು. ದೋಷದ ಅಧಿಕೃತ ಸಂಖ್ಯೆ `CVE-2023-45866`. ಹಳೆಯ ಲಿಂಕ್ ಕೀ ಕದಿಯುವುದೇ ಬೇಡ. ಪರದೆಯಾಗಲಿ ಗುಂಡಿಯಾಗಲಿ ಇಲ್ಲದ ಸಾಧನ ಎಂದು ಹೇಳಿಕೊಂಡರೆ ಪರೀಕ್ಷೆಯೇ ಇಲ್ಲದ ಜೋಡಣೆ ನಡೆದುಬಿಡುತ್ತಿತ್ತು. ಆಂಡ್ರಾಯ್ಡ್‌ನಲ್ಲಿ ಬ್ಲೂಟೂತ್ ಚಾಲೂ ಇದ್ದರೆ ಸಾಕು. ಲಿನಕ್ಸ್‌ನಲ್ಲಿ ಹುಡುಕಬಹುದಾದ ಸ್ಥಿತಿ ಬೇಕು. ಆ್ಯಪಲ್ ಸಾಧನಗಳಲ್ಲಿ ಅದರದೇ ಮ್ಯಾಜಿಕ್ ಕೀಬೋರ್ಡ್ ಮೊದಲೇ ಜೋಡಿಯಾಗಿರಬೇಕು. ಆಂಡ್ರಾಯ್ಡ್ 11 ಮತ್ತು ನಂತರದವುಗಳಿಗೆ ದುರಸ್ತಿ ಬಂತು, 10 ಮತ್ತು ಹಿಂದಿನವುಗಳಿಗೆ ಬರಲಿಲ್ಲ. ಹಳೆಯ ಫೋನ್ ಬಳಸುವವರು ಬೇಡದಿದ್ದಾಗ ಬ್ಲೂಟೂತ್ ಆರಿಸಿಡುವುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ. ಕಂತು ಬರೆದವರು ಎಂಟು ವರ್ಷ ಮೊದಲೇ ಸರಿಯಾದ ಕಡೆ ಬೆರಳಿಟ್ಟಿದ್ದರು: ಕೀಬೋರ್ಡನ್ನು ಯಾರೂ ಅನುಮಾನಿಸುವುದಿಲ್ಲ.

ಸರಿ, ಲ್ಯಾಪ್‌ಟಾಪ್ ಕೈಗೆ ಬಂತು. ಅಲ್ಲಿಂದ ಜೈಲಿನ ಬಾಗಿಲಿಗೆ ಹೋಗುವುದು ಹೇಗೆ? ನನ್ನ ಮಟ್ಟಿಗೆ ಕಂತಿನ ಅತ್ಯಂತ ದುರ್ಬಲ ಕೊಂಡಿ ಇದು. ಅಮೆರಿಕದಲ್ಲಿ ಗಸ್ತು ಕಾರಿನ ಕಂಪ್ಯೂಟರ್‌ನಿಂದ ಅಪರಾಧ ದಾಖಲೆಗಳನ್ನು ನೋಡಬೇಕಾದರೆ ಎಫ್‌ಬಿಐ ವಿಧಿಸಿದ ನಿಯಮಗಳಂತೆ ಗೂಢಲಿಪೀಕರಿಸಿದ ಸಂಪರ್ಕ ಬೇಕು, ಪಾಸ್‌ವರ್ಡ್‌ನ ಜೊತೆಗೆ ಇನ್ನೊಂದು ಗುರುತೂ ಬೇಕು. ಅದೆಲ್ಲ ಪೊಲೀಸ್ ಲಾಗಿನ್ ಆಗಿಯೇ ಕಾರಿನಿಂದ ಇಳಿದಿದ್ದ ಎಂದುಕೊಂಡರೂ, ಆ ಸಂಪರ್ಕ ಹೋಗುವುದು ದಾಖಲೆಗಳ ಕಡೆಗೆ. ಬಾಗಿಲುಗಳನ್ನು ಆಳುವ ಜಾಲ ಬೇರೆ. ನ್ಯೂಯಾರ್ಕ್‌ನಂಥ ನಗರದಲ್ಲಿ ಪೊಲೀಸ್ ಇಲಾಖೆ ಬೇರೆ, ಜೈಲು ನಡೆಸುವ ಇಲಾಖೆಯೇ ಬೇರೆ. ಎರಡರ ನಡುವೆ ದಾರಿ ಇರಲೇಬಾರದು.

‘ಇರಬಾರದು’ ಮತ್ತು ‘ಇಲ್ಲ’ ಒಂದೇ ಅಲ್ಲ ಎನ್ನುವುದು ಮಾತ್ರ ಕಂತಿನ ಪರವಾಗಿದೆ. 2011ರಲ್ಲಿ ಲಾಸ್ ವೇಗಸ್‌ನ ಡೆಫ್ ಕಾನ್ ಸಮಾವೇಶದಲ್ಲಿ ಜಾನ್ ಸ್ಟ್ರಾಕ್ಸ್, ಟಿಫನಿ ರ‍್ಯಾಡ್ ಮತ್ತು ಟೀಗ್ ನ್ಯೂಮನ್ ಜೈಲುಗಳ ನಿಯಂತ್ರಣ ವ್ಯವಸ್ಥೆಯ ದೋಷಗಳ ಬಗ್ಗೆ ಮಾತನಾಡಿದ್ದರು. ಸ್ಟ್ರಾಕ್ಸ್ ಜೈಲುಗಳ ಎಲೆಕ್ಟ್ರಾನಿಕ್ ಭದ್ರತೆಯಲ್ಲಿ ಕೆಲಸ ಮಾಡಿದವರು. ಇಂಟರ್ನೆಟ್‌ನಿಂದ ದೂರವಿರಬೇಕಾದ ನಿಯಂತ್ರಣ ಕೊಠಡಿಗಳಲ್ಲಿಯೂ ಸಿಬ್ಬಂದಿ ಇಂಟರ್ನೆಟ್ ಬಳಸುವುದುಂಟು ಎಂಬುದು ಅವರ ತಂಡ ಎತ್ತಿದ ಒಂದು ಅಂಶ. ಈ ಕಂತು ಪ್ರಸಾರವಾಗುವ ನಾಲ್ಕು ವರ್ಷ ಮೊದಲೇ ಜೈಲಿನ ಬಾಗಿಲನ್ನು ಜಾಲದ ಮೂಲಕ ತೆರೆಯುವ ಮಾತು ವೇದಿಕೆ ಹತ್ತಿತ್ತು.

ಅವರು ಮಾತನಾಡಿದ್ದು, ಎಲಿಯಟ್ ಮುಟ್ಟುವುದು, ಎರಡೂ ‘ಪಿಎಲ್‌ಸಿ’ಯನ್ನು. ಕಾರ್ಖಾನೆಯ ಕನ್ವೇಯರ್, ಕುಡಿಯುವ ನೀರಿನ ಪಂಪು, ಲಿಫ್ಟು, ಜೈಲಿನ ಬಾಗಿಲು ಇವೆಲ್ಲವನ್ನೂ ನಡೆಸುವ ಗಟ್ಟಿಮುಟ್ಟಾದ ಪುಟ್ಟ ಕಂಪ್ಯೂಟರ್ ಇದು. ಇದರ ಪ್ರೋಗ್ರಾಂ ಅನ್ನು ಹೆಚ್ಚಾಗಿ ಬರೆಯುವುದು ಏಣಿಯ ಚಿತ್ರದ ಹಾಗೆ ಕಾಣುವ ‘ಲ್ಯಾಡರ್ ಲಾಜಿಕ್’ನಲ್ಲಿ, ಹಳೆಯ ಕಾಲದ ರಿಲೇಗಳ ವಿದ್ಯುತ್ ನಕ್ಷೆಯೇ ಅದರ ಮೂಲ. ಹನ್ನೆರಡನೇ ಬಾಗಿಲಿಗೆ ಅದರ ಒಂದು ಮೆಟ್ಟಿಲು ಹೀಗಿರಬಹುದು:

```
|--[ OPEN_12 ]------+--( DOOR_12 )--|
|                   |
|--[ GROUP_REL ]----+
```

ಹನ್ನೆರಡನೇ ಬಾಗಿಲಿನ ಗುಂಡಿ ಒತ್ತಿದರೆ, ಅಥವಾ ಬೆಂಕಿಯಂಥ ತುರ್ತಿನಲ್ಲಿ ಎಲ್ಲವನ್ನೂ ಒಟ್ಟಿಗೆ ತೆರೆಯುವ ಆಜ್ಞೆ ಬಂದರೆ, ಹನ್ನೆರಡನೇ ಬಾಗಿಲು ತೆರೆಯಲಿ ಎಂದು ಇದರ ಅರ್ಥ. ಹಳೆಯ ಪಿಎಲ್‌ಸಿಗಳು ಆಜ್ಞೆ ಕೊಟ್ಟವರು ಯಾರು ಎಂದು ಕೇಳುವುದಿಲ್ಲ. ಈ ಲೋಕದಲ್ಲಿ ಇಂದಿಗೂ ವ್ಯಾಪಕವಾಗಿರುವ ‘ಮಾಡ್‌ಬಸ್’ ಸಂವಹನ ವಿಧಾನ ಹುಟ್ಟಿದ್ದು 1979ರಲ್ಲಿ, ಅದರಲ್ಲಿ ಪಾಸ್‌ವರ್ಡ್‌ಗೆ ಜಾಗವೇ ಇಲ್ಲ. ತಂತಿಯ ಆ ತುದಿಯಲ್ಲಿರುವವರು ಎಂಜಿನಿಯರ್ ಆಗಿಯೇ ಇರುತ್ತಾರೆ ಎಂದು ಅಂದಿನವರು ನಂಬಿದ್ದರು. ಹಾಗಾಗಿ ಜಾಲದ ಒಳಗೆ ಕಾಲಿಟ್ಟವನಿಗೆ ಬಾಗಿಲು ತೆರೆಯುವುದು ದೊಡ್ಡ ಮಾತಲ್ಲ ಎಂಬ ಕಂತಿನ ಧೋರಣೆ ನಿಜಕ್ಕೆ ಹತ್ತಿರವಾಗಿದೆ.

ದೂರವಾಗುವುದು ಸಿದ್ಧತೆಯ ವಿಷಯದಲ್ಲಿ. ಯಾವ ಕಂಪನಿಯ ಯಾವ ಮಾದರಿಯ ಪಿಎಲ್‌ಸಿ, ಯಾವ ತಂತಿ ಯಾವ ಬಾಗಿಲಿಗೆ ಎಂಬುದು ಗೊತ್ತಿಲ್ಲದೆ ಹೊಸ ಪ್ರೋಗ್ರಾಂ ಬರೆಯಲಾಗದು. ಇರಾನಿನ ನತಾಂಜ್‌ನ ಯುರೇನಿಯಂ ಘಟಕವನ್ನು ಕಾಡಿ 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಎಂಬ ದುಷ್ಟ ತಂತ್ರಾಂಶ ಇಲ್ಲಿ ಒಳ್ಳೆಯ ಅಳತೆಗೋಲು. ಅದು ಸಿಕ್ಕ ಸಿಕ್ಕ ಪಿಎಲ್‌ಸಿಯನ್ನು ಮುಟ್ಟಲಿಲ್ಲ. ಸೀಮೆನ್ಸ್‌ನ ನಿರ್ದಿಷ್ಟ ಮಾದರಿ ಹೌದೇ, ಅದಕ್ಕೆ ಸೇರಿದ ಮೋಟಾರು ನಿಯಂತ್ರಕಗಳು ಫಿನ್ಲೆಂಡ್‌ನ ಒಂದು ಅಥವಾ ಇರಾನಿನ ಒಂದು ಕಂಪನಿಯವೇ, ಅವು 807ರಿಂದ 1210 ಹರ್ಟ್ಸ್ ನಡುವೆ ಓಡುತ್ತಿವೆಯೇ ಎಂದೆಲ್ಲ ನೋಡಿ ಖಚಿತವಾದ ಮೇಲಷ್ಟೇ ಕೆಲಸ ಶುರು ಮಾಡುತ್ತಿತ್ತು. ಅಷ್ಟು ವಿವರ ಕಲೆಹಾಕುವುದು ಒಂದು ಸಂಜೆಯ ಕೆಲಸವಲ್ಲ. ಎಲಿಯಟ್‌ಗೆ ಜೈಲಿನ ನಕ್ಷೆ ಬಾಯಿಪಾಠವಾಗಿರುವಂತೆ ಕಂತು ನಡೆದುಕೊಳ್ಳುತ್ತದೆ.

ಆದರೆ ಅವನು ವೆರಾನ ಕೋಣೆಯನ್ನು ಮಾತ್ರವಲ್ಲ, ಎಲ್ಲ ಬಾಗಿಲುಗಳನ್ನೂ ತೆರೆಯುತ್ತಾನೆ. ಒಬ್ಬನೇ ಹೊರಬಂದರೆ ಯಾರು ಬಿಡಿಸಿದರೆಂದು ಸುಲಭವಾಗಿ ತಿಳಿಯುತ್ತದೆ ಎಂಬುದು ಕತೆಯ ಕಾರಣ. ತಾಂತ್ರಿಕವಾಗಿ ಅದಕ್ಕಿಂತ ಒಳ್ಳೆಯ ಕಾರಣವಿದೆ, ಪಾತ್ರಗಳು ಅದನ್ನು ಹೇಳದಿರುವುದು ನನಗೆ ಆಶ್ಚರ್ಯ. ವೆರಾನ ಬಾಗಿಲು ಯಾವ ಸಂಖ್ಯೆಯದು ಎಂದು ಹುಡುಕುವುದು ಕಷ್ಟ. ಎಲ್ಲವನ್ನೂ ತೆರೆಯುವ ತುರ್ತು ಆಜ್ಞೆ ಇಂಥ ವ್ಯವಸ್ಥೆಗಳಲ್ಲಿ ಮೊದಲೇ ಇರುತ್ತದೆ. ಮೇಲಿನ ಚಿತ್ರದಲ್ಲಿ `OPEN_12` ಯಾವುದೆಂದು ತಿಳಿಯಬೇಕು, `GROUP_REL` ಒಂದೇ ಸಾಕು. ಗೊತ್ತಿಲ್ಲದ ಜೈಲಿಗೆ ಒಂದೇ ರಾತ್ರಿಯಲ್ಲಿ ಕನ್ನ ಹಾಕುವವನು ಆರಿಸಿಕೊಳ್ಳುವುದು ಎರಡನೆಯದನ್ನೇ.

ಕಂತು ತೋರಿಸದೆ ಬಿಟ್ಟದ್ದು ಮರುದಿನದ ಬೆಳಗನ್ನು. ಬಿದ್ದು ಸಿಕ್ಕಿದ ಪೆನ್‌ಡ್ರೈವ್ ಅನ್ನು ಯಾವಾಗ ಚುಚ್ಚಲಾಯಿತು, ಅದರ ಕ್ರಮಸಂಖ್ಯೆ ಏನು ಎಂಬುದನ್ನು ವಿಂಡೋಸ್ ತನ್ನ ರಿಜಿಸ್ಟ್ರಿಯಲ್ಲಿ `USBSTOR` ಎಂಬಲ್ಲಿ ಬರೆದಿಟ್ಟುಕೊಂಡಿರುತ್ತದೆ. ಆ್ಯಂಟಿವೈರಸ್‌ನ ಎಚ್ಚರಿಕೆ ವೇಳೆಯ ಸಮೇತ ದಾಖಲಾಗಿರುತ್ತದೆ. ಕೀಬೋರ್ಡ್‌ನ ಸೋಗಿನ ಗುರುತು ಅಷ್ಟು ಸುಲಭವಾಗಿ ಸಿಗುವುದಿಲ್ಲ, ಏಕೆಂದರೆ ವಿಳಾಸ ಅದೇ ಕೀಬೋರ್ಡಿನದು. ಪೊಲೀಸ್ ಕಾರಿನಿಂದ ಹೊರಗಿದ್ದ ನಿಮಿಷಗಳಲ್ಲಿ ಲ್ಯಾಪ್‌ಟಾಪ್‌ನಲ್ಲಿ ಆಜ್ಞೆಗಳು ಓಡಿವೆ ಎಂಬುದನ್ನು ಜಾಲದ ದಾಖಲೆಗಳೊಂದಿಗೆ ಹೊಂದಿಸಿ ನೋಡಬೇಕು. ಪಿಎಲ್‌ಸಿಯ ವಿಷಯದಲ್ಲಿ ತನಿಖಾಧಿಕಾರಿ ಕೇಳುವ ಮೊದಲ ಪ್ರಶ್ನೆ, ಮೂಲ ಪ್ರೋಗ್ರಾಂನ ಪ್ರತಿ ಬೇರೆಡೆ ಇದೆಯೇ ಎಂಬುದು. ಇದ್ದರೆ ಎರಡನ್ನೂ ಪಕ್ಕಪಕ್ಕ ಇಟ್ಟು ಬದಲಾದ ಮೆಟ್ಟಿಲನ್ನು ನಿಮಿಷಗಳಲ್ಲಿ ಹುಡುಕಬಹುದು. ಇಲ್ಲದಿದ್ದರೆ, ವ್ಯವಸ್ಥೆ ಅಳವಡಿಸಿದ ಗುತ್ತಿಗೆದಾರನನ್ನು ಹುಡುಕಿ, ಅವನ ಹಳೆಯ ಲ್ಯಾಪ್‌ಟಾಪ್ ಇನ್ನೂ ಉಳಿದಿದೆಯೇ ಎಂದು ವಿಚಾರಿಸಬೇಕಾಗುತ್ತದೆ.